ಒಳಗಿನ ಫೋಲ್ಡರಿಗೆ ಬೀಳದ ಬೀಗ

ಎರಡು ಸಾವಿರದ ದಶಕದ ಮೊದಲ ವರ್ಷಗಳಲ್ಲಿ ನಾನು ಮಂಗಳೂರಿನ ಹತ್ತಿರದ ಬಿ.ಸಿ.ರೋಡ್ ಪೇಟೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದೆ. ನೋಡಿಕೊಳ್ಳುವುದು ಎಂದರೆ ಪ್ರಿಂಟರಿನ ಹೊಟ್ಟೆಯಿಂದ ಕಾಗದ ಎಳೆಯುವುದು, ಮೌಸಿನ ಗುಂಡು ತೊಳೆಯುವುದು, ಕರೆಂಟು ಹೋದಾಗ ಬೈಸಿಕೊಳ್ಳುವುದು. ಕರೆಂಟಿಗೂ ಈ ಮನುಷ್ಯನಿಗೂ ಏನು ಸಂಬಂಧ ಎಂದು ಯಾರೂ ಯೋಚಿಸಿದ್ದಿಲ್ಲ. ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಒಂದು ಸರ್ವರ್ ಇತ್ತು. ಎಲ್ಲ ವಿಭಾಗಗಳ ಫೈಲುಗಳೂ ಅದರಲ್ಲೇ. ಅದನ್ನು ಹೊಂದಿಸಿಟ್ಟವನು ನನಗಿಂತ ಮೊದಲು ಆ ಕೆಲಸದಲ್ಲಿದ್ದವನು. ದುಬೈಗೆ ವೀಸಾ ಬಂದದ್ದೇ ಪಾಸ್‌ವರ್ಡು ಹೇಳಿ ಹೊರಟುಹೋಗಿದ್ದ.

ಒಂದು ಮಧ್ಯಾಹ್ನ ಮಹಿಳಾ ವಾರ್ಡಿನ ನರ್ಸ್ ಒಬ್ಬಳು ನನ್ನ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಬೆಳ್ತಂಗಡಿ ಕಡೆಯವಳು, ಮಿತಭಾಷಿ. ನಾವೆಲ್ಲ ಒಬ್ಬರಿಗೊಬ್ಬರು ತುಳುವಿನಲ್ಲೇ ಮಾತಾಡುವವರು. ಆ ದಿನ ಅವಳು ಕನ್ನಡದಲ್ಲಿ ಮಾತಾಡಿದಳು, ಯಾರೋ ದೊಡ್ಡವರ ಎದುರು ಹೇಳಿಕೆ ಕೊಡುವವಳ ಹಾಗೆ. ಅದಕ್ಕೇ ನನಗೆ ಮೊದಲು ಹೆದರಿಕೆಯಾಯಿತು.

"ಅಣ್ಣಾ, ನಾನು ಹೇಳುವುದನ್ನು ಪೂರ್ತಿ ಕೇಳ್ಬೇಕು. ನಡುವೆ ನಗ್ಬಾರ್ದು."

ಮೂಡುಬಿದಿರೆಯಿಂದ ವಾರಕ್ಕೆ ಎರಡು ದಿನ ಬರುತ್ತಿದ್ದ ಮಾನಸಿಕ ರೋಗಗಳ ಡಾಕ್ಟರ ಹತ್ತಿರ ಅವಳು ಕೆಲವು ತಿಂಗಳುಗಳಿಂದ ಗುಟ್ಟಾಗಿ ಚಿಕಿತ್ಸೆ ಪಡೆಯುತ್ತಿದ್ದಳು. ತಾಯಿ ಸತ್ತ ಮೇಲೆ ನಿದ್ದೆ ಬಿಟ್ಟುಹೋಗಿತ್ತು. ಹೆಣಕ್ಕೆ ಹಾಕಿದ್ದ ಮಲ್ಲಿಗೆಯ ವಾಸನೆ ಮೂಗಿನಿಂದ ಹೋಗುವುದೇ ಇಲ್ಲ, ಮಲ್ಲಿಗೆ ಕಂಡರೆ ಹೊಟ್ಟೆ ತೊಳಸುತ್ತದೆ ಎಂದು ಡಾಕ್ಟರಿಗೆ ಹೇಳಿದ್ದಳು. ಅವರಿಗೆ ಮಾತ್ರ. ಮನೆಯಲ್ಲಿ ಗಂಡನಿಗೂ ಹೇಳಿರಲಿಲ್ಲ.

"ಮರುವಾರ ನರ್ಸ್‌ಗಳ ಮೇಜಿನ ಮೇಲಿನ ದೇವರ ಫೋಟೋಕ್ಕೆ ಮಲ್ಲಿಗೆ ಇಲ್ಲ, ಕೇಪುಳ ಹೂ. ಡ್ಯೂಟಿ ಮುಗಿಸಿ ಹೊರಡುವಾಗ ಎಲ್ಲರೂ ಮಲ್ಲಿಗೆ ಮುಡಿಯುವವರೇ ಅಲ್ವಾ? ಈಗ ಒಬ್ಬರೂ ಮುಡಿಯುವುದಿಲ್ಲ. ನಾನು ಯಾರನ್ನೂ ಕೇಳ್ಲಿಲ್ಲ. ಅವರೂ ಹೇಳ್ಲಿಲ್ಲ."

ಮತ್ತೂ ಇತ್ತು. ಕನಸಿನಲ್ಲಿ ತಾಯಿ ಬಂದು ಕಾಲ ಬಳಿ ಕೂರುತ್ತಾಳೆ ಎಂದು ಡಾಕ್ಟರಿಗೆ ಹೇಳಿದ್ದಳು. ಕೆಲವು ದಿನಗಳ ನಂತರ ಜೊತೆಯ ನರ್ಸ್ ಒಬ್ಬಳು ಚಹಾ ಕೊಡುತ್ತಾ, "ನಿನ್ನೆ ಅಮ್ಮ ಬಂದ್ರಾ?" ಎಂದು ಕೇಳಿ, ಕೇಳಿದ್ದೇ ತಪ್ಪಾಯಿತು ಎಂಬಂತೆ ಎದ್ದುಹೋಗಿದ್ದಳಂತೆ. ಅವರು ಕೆಡುಕು ಮಾಡಿದ್ದರೆ ನನಗೆ ಅಷ್ಟು ಹೆದರಿಕೆ ಆಗುತ್ತಿರಲಿಲ್ಲವೇನೋ. ಎಲ್ಲರೂ ಒಳ್ಳೆಯವರಾಗಿಬಿಟ್ಟಿದ್ದರು.

ಅವಳು ಇದನ್ನೆಲ್ಲ ಡಾಕ್ಟರಿಗೆ ಹೇಳಿದಳು. ತನ್ನ ಮನಸ್ಸಿನಲ್ಲಿ ಇರುವುದು ಎಲ್ಲರಿಗೂ ಗೊತ್ತಾಗುತ್ತಿದೆ ಎಂದಳು. ಅವರು ತಲೆಯಾಡಿಸಿ ಬರೆದುಕೊಂಡು ಮಾತ್ರೆ ಹೆಚ್ಚಿಸಿದರು. ಮುಂದಿನ ಭೇಟಿಗೂ ಹೀಗೇ ಇದ್ದರೆ ಕೆಲಸ ಬಿಡಿಸಿ ಮಂಗಳೂರಿನಲ್ಲಿ ಅಡ್ಮಿಟ್ ಮಾಡುವ ಎಂದರು. ಆ ಭೇಟಿ ಮರುದಿನವೇ ಇತ್ತು.

"ಡಾಕ್ಟ್ರು ಬರೆಯುವುದು ಕಂಪ್ಯೂಟರಿನಲ್ಲಿ ಅಲ್ವಾ. ಅದನ್ನು ವಾರ್ಡಿನವರು ನೋಡ್ಲಿಕ್ಕೆ ಆಗ್ತದಾ ಹೇಳಿ. ಆಗುವುದಿಲ್ಲ ಅಂತಾದ್ರೆ ನನ್ನ ತಲೆಯೇ ಕೆಟ್ಟದ್ದು. ನಾನು ಸುಮ್ಮನೆ ಹೋಗಿ ಅಡ್ಮಿಟ್ ಆಗ್ತೇನೆ."

ನಾನು ಅವಳ ಜೊತೆ ವಾರ್ಡಿಗೆ ಹೋದೆ. ವಾರ್ಡಿನ ಕಂಪ್ಯೂಟರಿನಲ್ಲಿ ವಾರ್ಡಿನವರದೇ ಲಾಗಿನ್ ತೆರೆದಿತ್ತು. ಡಾಕ್ಟರ ಕೌನ್ಸೆಲಿಂಗ್ ಫೋಲ್ಡರ್ ಇರುವುದು ರೆಕಾರ್ಡ್ಸ್ ಎಂಬ ದೊಡ್ಡ ಫೋಲ್ಡರಿನ ಒಳಗೆ. ರೆಕಾರ್ಡ್ಸ್ ಕ್ಲಿಕ್ ಮಾಡಿದೆ. ಪ್ರವೇಶವಿಲ್ಲ ಎಂಬ ಸಂದೇಶ ಟಣ್ ಎಂದು ಬಂತು. ಹಿಂದೆ ಆಡಳಿತದವರು ಹೇಳಿ ವಾರ್ಡಿಗೆ ಅದನ್ನು ಮುಚ್ಚಿಸಿದ್ದರು, ಅದು ಎಲ್ಲರಿಗೂ ಗೊತ್ತಿದ್ದ ಸಂಗತಿ.

ಅವಳು ಪರದೆಯನ್ನೇ ನೋಡುತ್ತಿದ್ದಳು. "ಹಾಗಾದ್ರೆ ತಲೆಯದ್ದೇ," ಎಂದಳು, ಬಹಳ ಮೆಲ್ಲಗೆ. ನನಗೆ ದುಃಖವಾಯಿತು. ವಾರ್ಡಿನವರಿಗೆ ಕಾಣುತ್ತದೆ ಎಂದು ಸುಳ್ಳೇ ಹೇಳಿಬಿಡುವ ಅಂತಲೂ ಅನ್ನಿಸಿತು.

ವಿಂಡೋ ಮುಚ್ಚಿದಾಗ ಡೆಸ್ಕ್‌ಟಾಪಿನ ಮೂಲೆಯಲ್ಲಿ ಒಂದು ಶಾರ್ಟ್‌ಕಟ್ ಕಂಡಿತು. ಹೆಸರು ಕೌನ್ಸೆಲಿಂಗ್. ಡಾಕ್ಟರು ಹೊಸದಾಗಿ ಬರತೊಡಗಿದಾಗ ಅವರ ರೋಗಿಗಳ ಪಟ್ಟಿ ಮಾಡುತ್ತಿದ್ದದ್ದು ವಾರ್ಡಿನವರು, ಈ ಶಾರ್ಟ್‌ಕಟ್ ಆಗಿನದ್ದು. ಹೊರಗಿನ ಬಾಗಿಲೇ ಮುಚ್ಚಿದ ಮೇಲೆ ಇದು ಎಲ್ಲಿ ತೆರೆಯುತ್ತದೆ ಎಂದುಕೊಂಡು ಡಬಲ್ ಕ್ಲಿಕ್ ಮಾಡಿದೆ.

ಸದ್ದಿಲ್ಲದೆ ತೆರೆಯಿತು. ರೋಗಿಗಳ ಫೈಲುಗಳು ಸಾಲಾಗಿ ನಿಂತಿದ್ದವು. ಅವಳದ್ದೂ ಇತ್ತು.

ತಿರುಗಿ ನೋಡಿದರೆ ಇಬ್ಬರು ನರ್ಸ್‌ಗಳು ಹಾಸಿಗೆಯ ಬಟ್ಟೆ ಮಡಚುತ್ತಿದ್ದರು, ಈಗಾಗಲೇ ಮಡಚಿಟ್ಟಿದ್ದನ್ನೇ.

ಸರ್ವರಿಗೆ ಹೋಗಿ ನೋಡಿದಾಗ ಎಲ್ಲ ಸ್ಪಷ್ಟವಾಯಿತು. ಒಳಗಿನ ಫೋಲ್ಡರುಗಳು ಸಾಮಾನ್ಯವಾಗಿ ಮೇಲಿನ ಫೋಲ್ಡರಿನ ಅನುಮತಿಗಳನ್ನೇ ಪಿತ್ರಾರ್ಜಿತವಾಗಿ ಪಡೆಯುತ್ತವೆ. ಮೇಲೆ ಬದಲಾಯಿಸಿದರೆ ಕೆಳಗೂ ಬದಲಾಗುತ್ತದೆ. ದುಬೈಯವನು ಡಾಕ್ಟರ ಫೋಲ್ಡರ್ ಬೇರೆಯಾಗಿರಲಿ ಎಂದು ಆ ಸಂಬಂಧದ ಟಿಕ್ ತೆಗೆದಿದ್ದ. ಆಗ ವಿಂಡೋಸ್ ಕೇಳುತ್ತದೆ: ಈವರೆಗೆ ಮೇಲಿನಿಂದ ಬಂದ ಅನುಮತಿಗಳನ್ನು ಕಾಪಿ ಮಾಡಲೋ, ರಿಮೂವ್ ಮಾಡಲೋ? ರಿಮೂವ್ ಒತ್ತಿದರೆ ಫೈಲುಗಳೇ ಅಳಿಸಿಹೋಗುತ್ತವೆ ಎಂದು ಹೆದರಿ ತಾನು ಕಾಪಿ ಒತ್ತಿದ್ದಾಗಿ ಮಾರನೆಯ ವರ್ಷ ರಜೆಯಲ್ಲಿ ಬಂದಾಗ ಅವನೇ ನನಗೆ ಹೇಳಿದ. ಅಳಿಯುತ್ತಿದ್ದದ್ದು ಅನುಮತಿಗಳು ಮಾತ್ರ, ಮಹಾನುಭಾವ.

ಕಾಪಿ ಆದಾಗ, ರೆಕಾರ್ಡ್ಸ್‌ನಲ್ಲಿ ಆಗಿನ್ನೂ ಇದ್ದ ವಾರ್ಡಿನ ಗುಂಪಿನ ಅನುಮತಿಯೂ ಒಳಗಿನ ಫೋಲ್ಡರಿನ ಸ್ವಂತದ್ದಾಯಿತು. ಪಾಲಾಗಿ ಬೇರೆ ಹೋದ ಮನೆಗೆ ಹಿರಿಮನೆಯ ಮಾತು ತಾಗುವುದಿಲ್ಲವಲ್ಲ, ಹಾಗೆ. ಆಮೇಲೆ ರೆಕಾರ್ಡ್ಸ್‌ನಿಂದ ವಾರ್ಡನ್ನು ತೆಗೆದಾಗ ಮಿಕ್ಕ ಫೋಲ್ಡರುಗಳೆಲ್ಲ ಮುಚ್ಚಿಕೊಂಡವು. ಇದೊಂದು ತೆರೆದೇ ಉಳಿಯಿತು. ಮೇಲಿನದ್ದನ್ನು ತೆರೆಯಲಾಗದವರೂ ಒಳಗಿನದರ ಪೂರ್ತಿ ದಾರಿ ಗೊತ್ತಿದ್ದರೆ ನೇರ ಅಲ್ಲಿಗೆ ಹೋಗಬಹುದು. ವಿಂಡೋಸ್ ನಡುವಿನ ಬಾಗಿಲುಗಳಲ್ಲಿ ತಡೆಯುವುದಿಲ್ಲ. ಶಾರ್ಟ್‌ಕಟ್ಟಿಗೆ ದಾರಿ ಗೊತ್ತಿತ್ತು.

ಮರುದಿನ ಡಾಕ್ಟರು ಬಂದ ಕೂಡಲೇ ಅವಳೂ ನಾನೂ ಅವರ ಕೋಣೆಗೆ ಹೋಗಿ ಎಲ್ಲ ಹೇಳಿದೆವು. ಅವರು ನಂಬಲಿಲ್ಲ. ವಾರ್ಡಿಗೆ ಕರೆದುಕೊಂಡು ಹೋಗಿ ಆ ಶಾರ್ಟ್‌ಕಟ್ ತೆರೆದು ತೋರಿಸಿದೆ. ಡಾಕ್ಟರು ಕೋಣೆಗೆ ಮರಳಿ ಬಂದು ಅವಳ ಫೈಲು ತೆಗೆದು, ಕನ್ನಡಕ ಸರಿಮಾಡಿಕೊಂಡು, ತಾವೇ ಟೈಪು ಮಾಡಿದ್ದನ್ನು ಓದಿದರು.

"ಬೇರೆಯವರಿಗೆ ತನ್ನ ಯೋಚನೆಗಳು ತಿಳಿಯುತ್ತವೆ ಎಂಬ ಭ್ರಮೆ ಅಂತ ಬರೆದಿದ್ದೇನೆ," ಎಂದರು. ಪರದೆಯ ಆ ಸಾಲಿನ ಮೇಲೆ ಬೆರಳಿಟ್ಟು, "ವಾರ್ಡಿನವರು ಇದನ್ನೂ ಓದಿರಬೇಕು," ಎಂದರು.

ಯಾರು ಓದಿದರು, ಯಾವಾಗ ಓದಿದರು ಎಂದು ಅವರು ಕೇಳಿದರು. ಅದನ್ನು ದಾಖಲಿಸುವ ವ್ಯವಸ್ಥೆಯನ್ನು ಆ ಸರ್ವರಿನಲ್ಲಿ ಯಾರೂ ಚಾಲೂ ಮಾಡಿರಲಿಲ್ಲ. ಗೊತ್ತಾಗುವ ದಾರಿ ಇಲ್ಲ ಎಂದೆ. ವಾರ್ಡಿನಲ್ಲಿ ಎಲ್ಲರದೂ ಒಂದೇ ಲಾಗಿನ್ ಕೂಡ.

ನಾನು ಆ ಫೋಲ್ಡರಿನಿಂದ ವಾರ್ಡಿನ ಗುಂಪನ್ನು ಕೈಯಾರೆ ತೆಗೆದೆ. ರೆಕಾರ್ಡ್ಸ್ ವಿಭಾಗದವರ ಹೆಸರೂ ಕಾಪಿಯಾಗಿ ಬಂದು ಕೂತಿತ್ತು, ಅದನ್ನೂ ತೆಗೆದೆ. ವಾರ್ಡಿಗೆ ಹೋಗಿ ಶಾರ್ಟ್‌ಕಟ್ ಒತ್ತಿ, ಈಗ ತೆರೆಯುವುದಿಲ್ಲ ಎಂದು ಖಾತ್ರಿ ಮಾಡಿಕೊಂಡೆ. ಡಾಕ್ಟರು ಭ್ರಮೆ ಎಂಬುದನ್ನು ಅಳಿಸಿದರು, ಮಾತ್ರೆ ಮೊದಲಿನಷ್ಟಕ್ಕೇ ಇಳಿಸಿದರು, ಅವಳ ಕ್ಷಮೆ ಕೇಳಿದರು. ಮಂಗಳೂರಿನ ಮಾತು ಅಲ್ಲಿಗೆ ಮುಗಿಯಿತು. ನಾನು ದೊಡ್ಡ ಸಾಧನೆ ಮಾಡಿದವನ ಹಾಗೆ ಅವಳನ್ನು ಮೆಟ್ಟಿಲವರೆಗೆ ಕಳಿಸಲು ಹೋದೆ.

"ನೋಡಿ ಸಿಸ್ಟರ್, ನಿಮ್ಮ ತಲೆ ಸರಿಯಾಗಿಯೇ ಉಂಟು. ಇನ್ನು ಹೆದರ್ಬೇಡಿ."

ಅವಳ ಡ್ಯೂಟಿ ಶುರುವಾಗುವ ಹೊತ್ತಾಗಿತ್ತು. ಮೇಲಿನ ವಾರ್ಡಿನ ಬಾಗಿಲು ಅಲ್ಲಿಂದಲೇ ಕಾಣುತ್ತಿತ್ತು. ಅವಳು ಅದನ್ನು ನೋಡುತ್ತಾ ಒಂದು ಮೆಟ್ಟಿಲ ಮೇಲೆ ನಿಂತಳು.

"ತಲೆಯದ್ದೇ ಆಗಿದ್ದಿದ್ರೆ ಅದಕ್ಕೆ ಮಾತ್ರೆ ಇರ್ತಿತ್ತು ಅಣ್ಣಾ," ಎಂದಳು. "ಓದಿದ್ದನ್ನು ಅವರ ತಲೆಯಿಂದ ತೆಗಿಲಿಕ್ಕೆ ನಿಮ್ಮ ಹತ್ರ ಎಂತಾದ್ರೂ ಉಂಟಾ?"

ಅವಳು ಮೆಟ್ಟಿಲು ಹತ್ತಿ, ವಾರ್ಡಿನ ಬಾಗಿಲು ತಳ್ಳಿಕೊಂಡು ಒಳಗೆ ಹೋದಳು.