ಮುದ್ದೆ ಬಿಟ್ಟು ಪರೀಕ್ಷೆಗೆ ಹೋದ ನಿಮ್ಮ ತಾತ

ನಿಮ್ಮ ತಾತ ಶಾಲೆಯ ಯಾವ ಪರೀಕ್ಷೆಗೂ ಓದಿಕೊಂಡು ಹೋದವರಲ್ಲವಂತೆ. ಅವರು ತಯಾರಿ ಮಾಡಿಕೊಂಡು ಹೋದ ಪರೀಕ್ಷೆ ಒಂದೇ, ಎಂಬತ್ತರ ದಶಕದಲ್ಲಿ ಮಧುಗಿರಿಯ ಲ್ಯಾಬಿನದು.

ಅವರ ಅಣ್ಣನ ಕಾಲನ್ನು ಸಕ್ಕರೆ ಕಾಯಿಲೆಯಲ್ಲಿ ಕತ್ತರಿಸಿದ್ದರು. ಇವರ ಬರಿಹೊಟ್ಟೆಯ ರಕ್ತ ನೋಡಿಯೂ ಡಾಕ್ಟರಿಗೆ ಅನುಮಾನ ಬಂದು, ಮುಂದಿನ ವಾರ ಗ್ಲೂಕೋಸ್ ಕುಡಿಸಿ ಸಕ್ಕರೆ ನೋಡೋಣ ಎಂದರು. ಅಂದಿನಿಂದ ತಾತ ಮುದ್ದೆ, ಅನ್ನ ಎರಡನ್ನೂ ಬಿಟ್ಟರು. ವಾರವಿಡೀ ಬರೀ ಸೊಪ್ಪು, ಮಜ್ಜಿಗೆ. ಊರಿಗೆಲ್ಲ ಬುದ್ಧಿ ಹೇಳುವ ಯಜಮಾನರು ಲ್ಯಾಬಿಗೇ ಮೋಸ ಮಾಡಲು ಹೊರಟಿದ್ದರು.

ನಾನೂ ಜೊತೆಗೆ ಹೋಗಿದ್ದೆ. ಲ್ಯಾಬಿನವರು ಕೇಳಿದರು: "ಯಜಮಾನ್ರೆ, ಮೂರು ದಿನದಿಂದ ಮಾಮೂಲಿ ಊಟ ಮಾಡಿದೀರಾ?"

"ಓ, ಹೊಟ್ಟೆ ತುಂಬ!"

ಗಂಡಸರ ಮುಂದೆ ನಾನು ಬಾಯಿ ಬಿಟ್ಟವಳೇ ಅಲ್ಲ. ಆದರೆ ಅವರ ಅಣ್ಣನ ಕಾಲು ನೆನಪಾಯಿತು. ಸೆರಗು ಬಾಯಿಗಿಟ್ಟುಕೊಂಡೇ ಹೇಳಿದೆ: "ಇಲ್ಲ ಸಾರ್. ವಾರದಿಂದ ಮುದ್ದೆ ಮುಟ್ಟಿಲ್ಲ."

"ಅಂಗಾದ್ರೆ ಇವತ್ತು ಬೇಡ. ಮುದ್ದೆ, ಅನ್ನ ಬಿಟ್ಟ ಮೈಗೆ ಏಕಾಏಕಿ ಗ್ಲೂಕೋಸ್ ಕೊಟ್ರೆ ಸಕ್ಕರೆ ಸುಳ್ಳೇ ಜಾಸ್ತಿ ತೋರಿಸ್ತದೆ. ಮೂರು ದಿನ ಮುದ್ದೆ ಉಂಡು ಬನ್ನಿ."

ಬಸ್ಸಿನಲ್ಲಿ ತಾತ ಗುಡುಗಿದರು: "ಲೇ, ಮಾನ ಕಳೆದ್ಬುಟ್ಟೆ ಕಣೆ!" ಮನೆಗೆ ಬಂದು ಒಂದೇ ಏಟಿಗೆ ಮೂರು ಮುದ್ದೆ ಇಳಿಸಿದರು. ಮಾನ ಹೋದ ಹೊಟ್ಟೆಗೆ ಹಸಿವು ಜಾಸ್ತಿ.

ನಾಲ್ಕನೆಯ ದಿನ ಮತ್ತೆ ಹೋದೆವು. ಹಿಂದಿನ ರಾತ್ರಿ ಊಟದ ಮೇಲೆ ತಾತ ನೀರು ಬಿಟ್ಟು ಏನೂ ತೆಗೆದುಕೊಂಡಿರಲಿಲ್ಲ. ಮೊದಲು ಬರಿಹೊಟ್ಟೆಯ ರಕ್ತ ತೆಗೆದರು. ಆಮೇಲೆ ಎಪ್ಪತ್ತೈದು ಗ್ರಾಂ ಗ್ಲೂಕೋಸ್ ತೂಗಿ, ದೊಡ್ಡ ಲೋಟದ ನೀರಿಗೆ ಕದಡಿ, ಐದು ನಿಮಿಷದೊಳಗೆ ಮುಗಿಸಿ ಎಂದರು. ಮೊದಲ ಗುಟುಕಿಗೇ ಗಡಿಯಾರ ನೋಡಿ ಬರೆದುಕೊಂಡರು. ಹಬ್ಬದ ಪಾಯಸಕ್ಕೆ ಕಿತ್ತಾಡುವ ತಾತ ಕಷಾಯ ಕುಡಿದ ಹಾಗೆ ಮುಖ ಹಿಂಡಿದರು. ಅರ್ಧರ್ಧ ಗಂಟೆಗೊಮ್ಮೆ ಸೂಜಿ. ನಡುವೆ ಬೀಡಿ ಜೇಬಿಂದ ತೆಗೆದು ಎದ್ದರೆ, "ಕೂತ್ಕೊಳ್ಳಿ! ಬೀಡಿಯಿಲ್ಲ, ಓಡಾಟವೂ ಇಲ್ಲ!" ಎಂದು ಲ್ಯಾಬಿನವರು ಗದರಿದರು. ತಾತ ಎರಡು ಗಂಟೆ ಬಾಯಿ ಮುಚ್ಚಿ ಕೂತಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಎರಡನೇ ಗಂಟೆಯ ಸಕ್ಕರೆ ಲೆಕ್ಕ ನೂರ ಅರವತ್ತೆರಡು ಬಂತು. ಡಾಕ್ಟರು ಹೇಳಿದರು: "ನೂರ ನಲವತ್ತರ ಕೆಳಗಿದ್ರೆ ಸರಿ. ಇನ್ನೂರು ಮುಟ್ಟಿದ್ರೆ ಕಾಯಿಲೆ. ನೀವು ಮಧ್ಯೆ ಸಿಕ್ಕಿದೀರಿ. ಕಾಯಿಲೆ ಆಗಿಲ್ಲ, ಆದ್ರೆ ಆ ಕಡೆಗೇ ಹೊರಟಿದೀರಿ. ಊಟ ಇಳಿಸಿ, ನಡೀರಿ, ವರ್ಷಕ್ಕೊಂದು ಸಲ ಬಂದು ತೋರಿಸಿ."

ಊರಲ್ಲಿ ತಾತ ಸಾರಿದ್ದೇ ಬೇರೆ: "ಪಾಸಾದೆ ಕಣ್ಲಾ! ಇವಳು ಬಾಯಿ ಬಿಡದಿದ್ರೆ ಫಸ್ಟ್ ಕ್ಲಾಸು!" ಬರೀ ಸೊಪ್ಪು ತಿಂದು ಹೋಗಿದ್ದರೆ ಇನ್ನೂರು ದಾಟಿ, ಇಲ್ಲದ ಕಾಯಿಲೆಯ ಮುದ್ರೆ ಬೀಳಬಹುದಿತ್ತೆಂದು ನಾನು ಹೇಳಲು ಹೋಗಲಿಲ್ಲ.

ಆ ದಿನ ಎರಡನೆಯ ಮುದ್ದೆ ಬಡಿಸಲು ಹೋದಾಗ ತಟ್ಟೆಗೆ ಕೈ ಅಡ್ಡ ಹಿಡಿದು, "ಬುಡು, ಸಾಕು" ಎಂದರು. ಕಣ್ಣು ಮಾತ್ರ ಮುದ್ದೆಯ ಮೇಲೇ ಇತ್ತು.