ಸೇತುಬಂಧಕ್ಕೆ ಮೂರು ಉಸಿರು

ಯೋಗದಕ್ಕನಿಗೆ ಹೊಟ್ಟೆಕಿಚ್ಚು ಅನ್ನುವುದೇ ಗೊತ್ತಿರಲಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಇಪ್ಪತ್ತೆರಡು ವರ್ಷ ಔಷಧಿ ಅಂಗಡಿಯ ಮೇಲಿನ ಹಾಲ್‌ನಲ್ಲಿ ಊರಿನ ಸೊಂಟ, ಮಂಡಿ, ಕತ್ತುಗಳನ್ನು ನೆಟ್ಟಗೆ ಮಾಡಿದವಳು ಅವಳು. ಉಸಿರನ್ನು ಹತೋಟಿಯಲ್ಲಿಡುವುದನ್ನು ಸಾವಿರ ಜನಕ್ಕೆ ಕಲಿಸಿದ್ದಳು. ಮನಸ್ಸಿನ ಮಾತು ಬೇರೆ. ಅದಕ್ಕೆ ಚಾಪೆ ಹಾಸಿ ಕೂರಿಸಿದರೂ ಕೂರುವುದಿಲ್ಲ.

ಅವಳ ತರಗತಿಯ ಯೋಜನೆ ಅಂದರೆ ಒಂದು ಹಾಳೆ. ಮಡಚಿ ಮಡಚಿ ನಾಲ್ಕು ತುಂಡಾಗುವುದಕ್ಕೆ ಬಂದ ಹಾಳೆ. ಅದರಲ್ಲಿ 'ಉಸಿರಾಟ, ಆರು ಸುತ್ತು', 'ಬೆಕ್ಕಿನ ಬೆನ್ನು, ಆರು ಸಲ', 'ಸೇತುಬಂಧ, ಮೂರು ಸಲ, ಆಮೇಲೆ ನಿಲ್ಲುವುದು' ಎಂದಷ್ಟೇ ಇತ್ತು. ಉಳಿದದ್ದೆಲ್ಲ ಅವಳ ಕಣ್ಣಿನಲ್ಲಿ. ಯಾರ ಮಂಡಿ ಹೊರಗೆ ಬಾಗಿತು, ಯಾರು ಉಸಿರು ಬಿಗಿಹಿಡಿದು ಮುಖ ಕೆಂಪು ಮಾಡಿಕೊಂಡರು ಎಂದು ನೋಡುತ್ತ, ಸಾಲುಗಳ ನಡುವೆ ನಡೆಯುತ್ತ, ಬೇಕಾದಲ್ಲಿ ಬೇಕಾದ ಮಾತು ಹೇಳುತ್ತಿದ್ದಳು.

ಹಾಲ್ ನಡೆಸುವ ಮ್ಯಾನೇಜರ್ ಒಂದು ದಿನ ಬಂದು, "ಅಕ್ಕ, ಕಾಲ ಬದಲಾಗಿದೆ. ಇಪ್ಪತ್ತು ನಿಮಿಷದ ವಿಡಿಯೋ ಮಾಡೋಣ. ನಿಮ್ಮ ಕ್ಲಾಸನ್ನೇ ಸ್ಕ್ರಿಪ್ಟ್ ಮಾಡಿ ಬರೆದುಕೊಡಿ" ಅಂದರು.

ಅಕ್ಕನ ಎದೆ ಅರಳಿತು. ಯಾವ ಬಣ್ಣದ ಬಟ್ಟೆ ಹಾಕಿಕೊಳ್ಳಲಿ ಎಂದು ಆ ಕ್ಷಣದಲ್ಲೇ ಯೋಚಿಸಿಬಿಟ್ಟಳು. ಆಗ ಮ್ಯಾನೇಜರ್ ಮಾತು ಮುಂದುವರಿಸಿದರು: "ಮಾಡಿ ತೋರಿಸೋದಕ್ಕೆ, ಮಾತಾಡೋದಕ್ಕೆ ಜಿಂಕೆ ಇದ್ದಾಳಲ್ಲ. ಅವಳ ಮುಖ ಕ್ಯಾಮೆರಾಗೆ ಒಪ್ಪುತ್ತೆ. ನಿಮಗ್ಯಾಕೆ ಈ ವಯಸ್ಸಲ್ಲಿ ತೊಂದರೆ?"

ಜಿಂಕೆ ಎಂದರೆ ಅಕ್ಕನ ಕೈಯಲ್ಲೇ ಬೆಳೆದ ಹುಡುಗಿ. ಹದಿನಾರನೇ ವಯಸ್ಸಿಗೆ ಬಂದಾಗ ಒಂದು ಕಡೆ ನಿಲ್ಲದೆ ಚಂಗನೆ ನೆಗೆಯುತ್ತಿದ್ದಳೆಂದು ಆ ಹೆಸರಿಟ್ಟದ್ದೂ ಅಕ್ಕನೇ. ಈಗ ಇಪ್ಪತ್ತಾರು, ಸಂಜೆಯ ತರಗತಿ ಅವಳದ್ದೇ. ಐವತ್ತಮೂರರ ಅಕ್ಕ ಅಂಗಾತ ಮಲಗಿ ಸೇತುಬಂಧ ಮಾಡಿದರೆ ಸೊಂಟ ನೆಲದಿಂದ ಒಂದು ಗೇಣು ಏಳುತ್ತಿತ್ತು. ಜಿಂಕೆಯದ್ದು ಕಮಾನಿನಂತೆ ಎದ್ದು ನಿಲ್ಲುತ್ತಿತ್ತು. ನೋಡಿದವರೆಲ್ಲ 'ಆಹಾ' ಅನ್ನುತ್ತಿದ್ದರು, ಅಕ್ಕನೂ ಅನ್ನುತ್ತಿದ್ದಳು, ಆದರೆ ಅವಳ 'ಆಹಾ' ಗಂಟಲಿನಿಂದ ಮೇಲಿನದ್ದು.

"ಅಡುಗೆ ಮಾಡೋಳು ಒಬ್ಬಳು, ಬಡಿಸಿ ಹೊಗಳಿಸಿಕೊಳ್ಳೋಳು ಇನ್ನೊಬ್ಬಳು" ಎಂದು ಮನೆಯಲ್ಲಿ ಪಾತ್ರೆ ಕುಕ್ಕಿದಳು.

ಪೇಪರಿನಿಂದ ತಲೆ ಎತ್ತದೆ ಗಂಡ, "ಹಾಗಾದ್ರೆ ಬರೆಯಲ್ಲ ಅನ್ನು" ಅಂದ.

"ಬರೆಯಲ್ಲ ಅಂದ್ರೆ ಅವಳೇ ಬರೀತಾಳೆ. ಆಮೇಲೆ ನಾನು ಯಾತಕ್ಕೂ ಬೇಡ."

ಹೀಗೆ ಬೈದುಕೊಂಡೇ ಬರೆಯಲು ಕುಳಿತಳು. ಬರೆಯುತ್ತ ಹೋದಂತೆ ಗೊತ್ತಾಯಿತು, ಇದು ಹಾಳೆಯನ್ನು ನಕಲು ಮಾಡುವ ಕೆಲಸವಲ್ಲ ಎಂದು. ವಿಡಿಯೋದೊಳಗಿನ ಟೀಚರ್‌ಗೆ ಕಣ್ಣಿರುವುದಿಲ್ಲ. ಅದಕ್ಕೇ ಮೂರು ಕಾಲಂ ಎಳೆದಳು: ಸಮಯ, ಕಾಣುವುದು, ಕೇಳುವುದು. ಉಸಿರು ಒಳಗೆ ನಾಲ್ಕು ಎಣಿಕೆ, ಹೊರಗೆ ಆರು. ಎಣಿಕೆಗೊಂದು ಸೆಕೆಂಡಿನಂತೆ ಒಂದು ಉಸಿರಿಗೆ ಹತ್ತು ಸೆಕೆಂಡು, ಆರು ಸುತ್ತಿಗೆ ಒಂದು ನಿಮಿಷ. ತಾನೇ ಕುರ್ಚಿಯಲ್ಲಿ ಕೂತು, ಗಡಿಯಾರ ನೋಡುತ್ತ, ಬಾಯಲ್ಲಿ ಎಣಿಸಿ ಸರಿ ಮಾಡಿದಳು. ಎಚ್ಚರಿಕೆಯ ಮಾತು ಚಲನೆಗಿಂತ ಮೊದಲೇ ಬರಬೇಕು. ಮಂಡಿ ಬಾಗಿದ ಮೇಲೆ 'ಮಂಡಿ ಜೋಪಾನ' ಅಂದರೆ ಏನು ಬಂತು? ಬಲಗಾಲು ಎಂದು ಹೇಳುವಾಗ ಜಿಂಕೆ ತನ್ನ ಎಡಗಾಲನ್ನು ಚಾಚಬೇಕು, ಆಗ ನೋಡುವವರಿಗೆ ಕನ್ನಡಿಯಲ್ಲಿ ಕಂಡ ಹಾಗೆ ಹೊಂದುತ್ತದೆ. 'ಬೆಕ್ಕಿನ ಬೆನ್ನು' ಭಾಗಕ್ಕೆ 'ಮಣಿಕಟ್ಟು ಭುಜದ ಕೆಳಗೇ ಇರಲಿ, ಮಂಡಿ ನೋಯುತ್ತಿದ್ದರೆ ಕೆಳಗೊಂದು ಟವೆಲ್ ಮಡಚಿಡಿ' ಎಂದು ಬರೆದಾಗ ಖುಷಿಯೇ ಆಯಿತು. ಮೂರು ಪುಟ ಮುಗಿಯುವ ತನಕ ಹೊಟ್ಟೆಕಿಚ್ಚು ಮರೆತಿತ್ತು.

ನಾಲ್ಕನೇ ಪುಟ ಸೇತುಬಂಧದ್ದು. ಅಂದು ಬೆಳಗ್ಗೆ ತಾಲೀಮಿನಲ್ಲಿ ಮ್ಯಾನೇಜರ್ ಜಿಂಕೆಯ ಸೇತುಬಂಧ ನೋಡಿ, "ಇದಕ್ಕೆ ಮಾತೇ ಬೇಡ ಕಣ್ರೀ, ಸುಮ್ಮನೆ ನೋಡ್ತಾ ಇರಬಹುದು" ಅಂದಿದ್ದರು. ಆ ಮಾತು ಹಲ್ಲಿಗೆ ಸಿಕ್ಕ ನಾರಿನಂತೆ ಅಕ್ಕನನ್ನು ಕಾಡುತ್ತಿತ್ತು. ಮಾತು ಬೇಡವಾ? ಆಗಲಿ, ಬೇಡ. ಇಪ್ಪತ್ತೆರಡು ವರ್ಷದಲ್ಲಿ ಕೂಡಿಸಿದ ಮಾತನ್ನೂ ಇವಳ ಬಾಯಿಗೆ ತುತ್ತು ಮಾಡಿ ಇಡಬೇಕಾ? 'ಮೂರು ಸಲ ಎದ್ದು ಇಳಿಯಿರಿ. ಆಮೇಲೆ ಎದ್ದು ಮೂರು ಉಸಿರು ನಿಲ್ಲಿ' ಎಂದು ಬರೆದು, 'ಕೇಳುವುದು' ಎಂಬ ಕಾಲಂನಲ್ಲಿ ಅಡ್ಡ ಗೆರೆ ಎಳೆದು, 'ಮೌನ, ಮೂವತ್ತು ಸೆಕೆಂಡು' ಎಂದು ತುಂಬಿಸಿದಳು. ನಿಲ್ಲಲಿ ಬೊಂಬೆ ಹಾಗೆ, ನೋಡಲಿ ಎಲ್ಲರೂ ಕಣ್ತುಂಬ.

ಜಿಂಕೆ ಅಕ್ಷರ ಬಿಡದೆ ಹಾಗೇ ಹೇಳಿದಳು, ಹಾಗೇ ಮಾಡಿದಳು. ವಿಡಿಯೋವನ್ನು ಹೊರಗೆ ಬಿಡುವ ಮೊದಲು ಹಾಲ್‌ನ ಗೋಡೆಯ ಟಿವಿಗೆ ಹಾಕಿ, ನಾಲ್ಕು ಜನ ಹಳೆಯ ವಿದ್ಯಾರ್ಥಿಗಳಿಂದ ಮಾಡಿಸಿ ನೋಡುವುದೆಂದು ಮ್ಯಾನೇಜರ್ ನಿರ್ಧರಿಸಿದರು. ಅವರಲ್ಲಿ ಟೈಲರಮ್ಮ ಒಬ್ಬರು. ಮೂವತ್ತು ವರ್ಷ ಹೊಲಿಗೆ ಯಂತ್ರದ ಮೇಲೆ ಬಗ್ಗಿ ಬಗ್ಗಿ ಕತ್ತು ಮರಗಟ್ಟಿಸಿಕೊಂಡವರು, ಅಕ್ಕನ ಮೊದಲ ವರ್ಷದಿಂದ ಬರುತ್ತಿರುವವರು. ಅಕ್ಕ ಏನೇ ಹೇಳಿದರೂ ಕಣ್ಣು ಮುಚ್ಚಿಕೊಂಡು "ಹೂಂ ಅಕ್ಕ" ಅನ್ನುವುದು ಅವರ ಅಭ್ಯಾಸ. ತರಗತಿಯಲ್ಲಿ ಅದೊಂದು ತಮಾಷೆಯಾಗಿತ್ತು.

ಅಂದು ಅಕ್ಕ ಬಾಗಿಲ ಹತ್ತಿರ ಕೈಕಟ್ಟಿ ನಿಂತಿದ್ದಳು, ಬಾಯಿ ಹಾಕಬಾರದೆಂದು ಮ್ಯಾನೇಜರ್ ಹೇಳಿದ್ದರು. ಎಲ್ಲ ಸಲೀಸಾಗಿ ನಡೆಯಿತು, ಸೇತುಬಂಧ ಬರುವ ತನಕ. ನಾಲ್ವರೂ ಅಂಗಾತ ಮಲಗಿ, ಮಂಡಿ ಮಡಚಿ, ಮೂರು ಸಲ ಸೊಂಟ ಎತ್ತಿ ಇಳಿಸಿ, ಆಮೇಲೆ ಎತ್ತಿಯೇ ನಿಂತರು. ಟಿವಿ ಸುಮ್ಮನಾಯಿತು. ಐದು ಸೆಕೆಂಡು, ಹತ್ತು ಸೆಕೆಂಡು. ಎಣಿಸುವವರಿಲ್ಲ. ಇಳಿಯಬೇಕೋ, ಇನ್ನೂ ನಿಲ್ಲಬೇಕೋ? ಟೈಲರಮ್ಮ ಸೊಂಟ ಮೇಲಿಟ್ಟುಕೊಂಡೇ ಟಿವಿ ನೋಡಲು ಕತ್ತು ತಿರುಗಿಸಿದರು.

"ಅಮ್ಮಾ!" ಎಂದು ನೋವಿನಿಂದ ಕೂಗಿದರು.

ಅಕ್ಕ ಓಡಿದಳು. "ತಿರುಗಿಸಬೇಡಿ, ಹಾಗೇ ಇರಿ. ಮೊದಲು ಸೊಂಟ ಇಳಿಸಿ, ನಿಧಾನ. ಈಗ ಮೂಗು ತಾನಾಗೇ ಮೇಲಕ್ಕೆ ಬರಲಿ. ಕೈ ಜುಮ್ ಅನ್ನುತ್ತಾ?"

"ಇಲ್ಲ ಅಕ್ಕ. ಕತ್ತು ಹಿಡ್ಕೊಂಡುಬಿಡ್ತು."

ಡಾಕ್ಟರು ನೋಡಿ, ಸ್ನಾಯು ಹಿಡಿದಿದೆ, ಹೆಚ್ಚಿನದ್ದೇನಿಲ್ಲ, ಒಂದು ವಾರ ಹೊಲಿಗೆಗೆ ಕೂರಬೇಡಿ ಎಂದರು. ಮ್ಯಾನೇಜರ್ ಮಾತ್ರ ಎಲ್ಲರೆದುರೇ ಜಿಂಕೆಯ ಮೇಲೆ ಹರಿಹಾಯ್ದರು. "ಮೈ ಬಗ್ಗಿಸೋಕೆ ಬರುತ್ತೆ, ಹೇಳಿಕೊಡೋಕೆ ಬರಲ್ಲ ನಿನಗೆ! ಅಕ್ಕ, ನೀವೇ ಕ್ಯಾಮೆರಾ ಮುಂದೆ ಬನ್ನಿ. ನನ್ನದೇ ತಪ್ಪು, ಹಿತ್ತಲ ಗಿಡ ಮದ್ದಲ್ಲ ಅಂದ್ಕೊಂಡೆ."

ಜಿಂಕೆಯ ಕೈಯಲ್ಲಿ ಸ್ಕ್ರಿಪ್ಟ್ ಇತ್ತು. ನಾಲ್ಕನೇ ಪುಟ ತೆಗೆದು ತೋರಿಸಿದ್ದರೆ ಸಾಕಿತ್ತು. ಅವಳು ತೋರಿಸಲಿಲ್ಲ, ಮೂಗು ಒರೆಸಿಕೊಂಡು ಚಾಪೆ ಸುತ್ತಿದಳು. ಅಕ್ಕ ಸತ್ಯ ಹೇಳಬಹುದಿತ್ತು, ಅವಳೂ ಹೇಳಲಿಲ್ಲ. ಮುಚ್ಚುಮರೆಯಿಲ್ಲದೆ ಹೇಳುತ್ತೇನೆ, ಆ ಸಂಜೆ ಅಕ್ಕನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಕನ್ನಡಿಯ ಮುಂದೆ ನಿಂತು ತಿಳಿನೀಲಿ ಬಟ್ಟೆ ಒಪ್ಪುತ್ತದೋ ಹಸಿರೋ ಎಂದು ಭುಜದ ಮೇಲೆ ಇಟ್ಟು ನೋಡಿಕೊಂಡಳು.

ಮಾರನೆಯ ದಿನ ಟೈಲರಮ್ಮನನ್ನು ನೋಡಲು ಹೋದಳು. ಕತ್ತಿಗೆ ಪಟ್ಟಿ ಸುತ್ತಿಕೊಂಡು ಅವರು ಹೊಲಿಗೆ ಯಂತ್ರವನ್ನು ದೂರದಿಂದ ನೋಡುತ್ತ ಕೂತಿದ್ದರು.

"ಆ ಹುಡುಗೀನ ಬೈಯಬೇಡಿ ಅಂತ ಹೇಳಿ. ತಪ್ಪು ನಂದೇ" ಅಂದರು. "ದಿನಾ ನೀವು ಹೇಳ್ತಿದ್ರಿ, 'ನನ್ನ ನೋಡಬೇಡಿ, ಸೂರು ನೋಡಿ' ಅಂತ. ಎಣಿಸ್ತಾನೂ ಇದ್ರಿ. ಅದಕ್ಕೇ ನಾನು ಯಾವತ್ತೂ ತಿರುಗಲಿಲ್ಲ. ನಿನ್ನೆ ಮಾತೇ ಬರಲಿಲ್ಲ ನೋಡಿ, ಕಿವಿ ಕಾಯ್ತಾನೇ ಇತ್ತು."

ಅಕ್ಕನಿಗೆ ಅಲ್ಲಿ ಕೂರಲಾಗಲಿಲ್ಲ. ತಾನು ಕಿತ್ತುಕೊಂಡದ್ದು ಜಿಂಕೆಯ ಹೊಗಳಿಕೆಯನ್ನಲ್ಲ, ಈ ಹೆಂಗಸಿನ ಕತ್ತಿಗೆ ಇದ್ದ ಆಸರೆಯನ್ನು.

ನೇರ ಹಾಲ್‌ಗೆ ಹೋದಳು. ಮ್ಯಾನೇಜರ್, ಜಿಂಕೆ ಇಬ್ಬರೂ ಇದ್ದರು. ನಾಲ್ಕನೇ ಪುಟ ಮೇಜಿನ ಮೇಲಿಟ್ಟು, "ಮೌನ ಅಂತ ಬರೆದದ್ದು ನಾನು. ಬೇಕು ಅಂತಲೇ ಬರೆದೆ" ಅಂದಳು.

ಮ್ಯಾನೇಜರ್ ಪುಟ ನೋಡಿದರು, ಅಕ್ಕನನ್ನು ನೋಡಿದರು, ಪುಟವನ್ನು ಅವಳ ಕಡೆಗೇ ತಳ್ಳಿದರು. ಬೈದಿದ್ದರೆ ಚೆನ್ನಾಗಿತ್ತು.

ಜಿಂಕೆ ಮೆಲ್ಲಗೆ, "ಓದಿದಾಗ ನನಗೂ ವಿಚಿತ್ರ ಅನ್ನಿಸ್ತು ಅಕ್ಕ. ಆದ್ರೆ ನೀವು ಬರೆದಿದ್ದೀರಲ್ಲ, ಏನೋ ಕಾರಣ ಇರುತ್ತೆ ಅಂದ್ಕೊಂಡೆ" ಅಂದಳು.

"ಕಾರಣ ಇತ್ತು" ಅಂದಳು ಅಕ್ಕ. "ಕೆಟ್ಟ ಕಾರಣ."

ಅಕ್ಕ ಕ್ಯಾಮೆರಾ ಮುಂದೆ ಬರುವ ಮಾತನ್ನು ಮ್ಯಾನೇಜರ್ ಮತ್ತೆ ಎತ್ತಲಿಲ್ಲ, ಅಕ್ಕನೂ ಕೇಳಲಿಲ್ಲ. ತಿಳಿನೀಲಿ ಬಟ್ಟೆ ಬೀರುವಿಗೆ ವಾಪಸು ಹೋಯಿತು. ಅವಳು ಜಿಂಕೆಯನ್ನು ಚಾಪೆಯ ಮೇಲೆ ಮಲಗಿಸಿ, ತಾನು ಪಕ್ಕದಲ್ಲಿ ಕೂತು, ಪುಟವನ್ನು ಮೊದಲಿನಿಂದ ಬರೆದಳು.

'ಕತ್ತು ನೋವು, ರಕ್ತದೊತ್ತಡ, ಹೊಸ ಶಸ್ತ್ರಚಿಕಿತ್ಸೆ ಇದ್ದವರು ಇದನ್ನು ಬಿಟ್ಟುಬಿಡಿ. ಮಂಡಿ ಮಡಚಿ ಮಲಗಿಯೇ ಉಸಿರಾಡಿ. ಉಳಿದವರು, ಹಿಮ್ಮಡಿ ಮಂಡಿಯ ಕೆಳಗೆ. ಎರಡು ಪಾದಗಳ ನಡುವೆ ಸೊಂಟದಷ್ಟು ಅಗಲ. ಏಳುವ ಮೊದಲೇ ಕೇಳಿ: ಪರದೆ ನೋಡಬೇಡಿ, ಕತ್ತು ತಿರುಗಿಸಬೇಡಿ. ಸೂರು ನೋಡಿ. ಯಾವಾಗ ಇಳಿಯಬೇಕೆಂದು ನಾನು ಹೇಳುತ್ತೇನೆ. ಉಸಿರು ತೆಗೆದುಕೊಳ್ಳುತ್ತ ಏಳಿ, ಒಂದು, ಎರಡು, ಮೂರು, ನಾಲ್ಕು. ಭಾರ ಪಾದ ಮತ್ತು ಭುಜದ ಮೇಲೆ, ಕತ್ತಿನ ಮೇಲಲ್ಲ. ಉಸಿರು ಬಿಡುತ್ತ ಇಳಿಯಿರಿ, ಒಂದು, ಎರಡು...' ಆರರ ತನಕ. ಆಮೇಲೆ ನಿಲ್ಲುವ ಮೂರು ಉಸಿರಿಗೂ ಹಾಗೇ ಎಣಿಕೆ, ನಡುವೆ 'ಉಸಿರು ಬಿಗಿಹಿಡಿಯಬೇಡಿ, ಸಾಕೆನಿಸಿದರೆ ಈಗಲೇ ಇಳಿಯಿರಿ.' ಮೌನ ಒಂದು ಸೆಕೆಂಡೂ ಉಳಿಯಲಿಲ್ಲ.

ಬರೆಯುವಾಗಲೂ ಉರಿಯಿತು. ಸುಳ್ಳು ಯಾಕೆ ಹೇಳಲಿ, ಆ ಒಂದೊಂದು ಮಾತು ಜಿಂಕೆಯ ನುಣುಪಾದ ಗಂಟಲಿನಲ್ಲಿ ತನ್ನದಕ್ಕಿಂತ ಚೆನ್ನಾಗಿ ಕೇಳುತ್ತಿತ್ತು.

ತಿಂಗಳು ಕಳೆದು ಡಾಕ್ಟರು ಸರಿ ಎಂದ ಮೇಲೆ ಟೈಲರಮ್ಮ ಮತ್ತೆ ಬಂದರು, ಜಿಂಕೆ ಹೊಸದಾಗಿ ಮಾಡಿದ ವಿಡಿಯೋ ಹಾಕಿ ತಾವೇ ಮಾಡಿ ನೋಡುವುದಾಗಿ ಹಟ ಹಿಡಿದರು. "ಒಂದು ಗೇಣು ಎದ್ದರೆ ಸಾಕು" ಎಂದು ಅಕ್ಕ ಷರತ್ತು ಹಾಕಿ, ಈ ಸಲ ಬಾಗಿಲ ಹತ್ತಿರವಲ್ಲ, ಅವರ ಚಾಪೆಯ ಪಕ್ಕದಲ್ಲೇ ಮಂಡಿಯೂರಿ ಕೂತಳು. ಟಿವಿಯಲ್ಲಿ ಜಿಂಕೆ ಸೇತುಬಂಧ ಶುರು ಮಾಡಿದಳು. ಟೈಲರಮ್ಮ ಕಣ್ಣು ಮುಚ್ಚಿ, ಮಂಡಿ ಮಡಚಿ ಮಲಗಿದರು.

"ಯಾವಾಗ ಇಳಿಯಬೇಕೆಂದು ನಾನು ಹೇಳುತ್ತೇನೆ" ಅಂದಿತು ಟಿವಿ.

"ಹೂಂ ಅಕ್ಕ" ಅಂದರು ಟೈಲರಮ್ಮ, ಟಿವಿಗೆ.

ಪಕ್ಕದಲ್ಲೇ ಕೂತಿದ್ದ ಅಕ್ಕನ ಬಾಯಿ ಉತ್ತರಕ್ಕೆ ತೆರೆದು, ಹಾಗೇ ಮುಚ್ಚಿಕೊಂಡಿತು. ಟೈಲರಮ್ಮನ ಸೊಂಟ ಎದ್ದಿತು, ಕತ್ತು ಅಲುಗಲಿಲ್ಲ. ಇಳಿಯುವಾಗ ಅಕ್ಕ ಆ ಕತ್ತಿನ ಮೇಲೆ ಕಣ್ಣಿಟ್ಟು, ಯಾರಿಗೂ ಕೇಳದ ಹಾಗೆ, ಜಿಂಕೆಯ ಜೊತೆಗೆ ಆರರ ತನಕ ಎಣಿಸಿದಳು.