ಗುರುಬಸಮ್ಮ ಮೇಡಂ ಕಟ್ಟಿಸಿದ ಮೋರಿ

ತಿ. ನರಸೀಪುರದ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುವ ಗುರುಬಸಮ್ಮನವರಿಗೆ ತಮ್ಮ ಪಾಠದ ಬಗ್ಗೆ ಬಹಳ ಒಳ್ಳೆಯ ಅಭಿಪ್ರಾಯವಿತ್ತು. ಬೇರೆಯವರಿಗೂ ಇದೆಯೇ ಎಂದು ವಿಚಾರಿಸಲು ಪುರುಸೊತ್ತಾಗಿರಲಿಲ್ಲ. ಶಿಕ್ಷಣ ಸಂಯೋಜಕ ಶಿವಮೂರ್ತಿ ಪಾಠ ನೋಡಿ ಮೆಚ್ಚಿದರೆ, ನಂಜನಗೂಡಿನ ಶಿಕ್ಷಕರ ತರಬೇತಿಯಲ್ಲಿ ಅದನ್ನೇ ಮಾಡಿ ತೋರಿಸಬೇಕು. ಮೇಡಂ ಆಗಲೇ ಅಲ್ಲಿಗೆ ಉಡುವ ಸೀರೆ ಆರಿಸಿದ್ದರು.

"ಪಾಠ ಯಾವ್ದು ಮೇಡಂ?" ಎಂದರು ಮುಖ್ಯೋಪಾಧ್ಯಾಯ ರುದ್ರೇಶ್.

"ಮೋರಿ ಸಾರ್. ಮೊಹೆಂಜೊದಾರೊದ್ದು."

"ನಮ್ ಸ್ಕೂಲ್ ಮುಂದಿಂದು ಕಟ್ಕೊಂಡೈತೆ. ಅದ್ನೂ ಸೇರಿಸ್ಕೊಳಿ!"

ಮೇಡಂ ನಗಲಿಲ್ಲ. ಸಿಂಧೂ ಕಣಿವೆಯ ಆ ಹಳೆಯ ಊರಿನಲ್ಲಿ ನೇರ ಬೀದಿ, ಒಂದೇ ಅನುಪಾತದ ಇಟ್ಟಿಗೆ, ಮನೆಯ ಬಚ್ಚಲ ನೀರು ಬೀದಿಯ ಮೋರಿಗೆ ಸೇರುವ ದಾರಿ, ಮೇಲೆ ಎತ್ತಿ ತೆಗೆಯಬಹುದಾದ ಕಲ್ಲುಹಾಸು, ನಡುವೆ ಹೂಳು ನಿಲ್ಲುವ ಗುಂಡಿ. ಇದೆಲ್ಲ ತಾನೇತಾನಾಗಿ ಆಗದು. ಅಳತೆ ಗೊತ್ತುಮಾಡಿ ಜನ ಅದನ್ನು ಪಾಲಿಸುವಂತೆ ನೋಡಿಕೊಳ್ಳುವ ಆಡಳಿತ ಇದ್ದಿರಬೇಕು. ಇದನ್ನು ಮಕ್ಕಳೇ ಕಂಡುಕೊಳ್ಳಬೇಕೆಂಬುದು ಅವರ ಹಟ.

ಶಿವಮೂರ್ತಿ ಪಾಠ ನೋಡಲು ಬಂದ ದಿನ ಅಂಗಳದಲ್ಲಿ ಮಕ್ಕಳ ನಾಲ್ಕು ಗುಂಪುಗಳಿಗೆ ಹೊಳೆಯ ಮಣ್ಣು ಕೊಟ್ಟರು. ಪ್ರತಿ ಗುಂಪು ಒಂದೊಂದು ಮನೆ, ಅದರ ಮುಂದಿನ ಮೋರಿಯ ಒಂದೊಂದು ತುಂಡು ಕಟ್ಟಬೇಕು. ತುಂಡುಗಳು ಸೇರಿ ಬೀದಿಯ ಮೋರಿಯಾಗಬೇಕು. ಭಾಷಣದ ಉತ್ಸಾಹದಲ್ಲಿ ಅಗಲವೆಷ್ಟು, ಇಳಿಜಾರು ಯಾವ ಕಡೆಗೆ ಎಂದು ಹೇಳುವುದನ್ನೇ ಮರೆತರು.

ನೀರು ಸುರಿದರು. ಮೊದಲ ತುಂಡು ದಾಟಿದ ನೀರು ಎರಡನೆಯದರ ಏರು ಕಂಡು ಹಿಂದಿರುಗಿ, ಮಣ್ಣಿನ ಮನೆಯೊಂದನ್ನು ನುಂಗಿ, ಶಿವಮೂರ್ತಿಯವರ ಶೂ ಒಳಗೆ ಇಳಿಯಿತು.

"ಮಿಸ್, ನಮ್ದು ಚೋಟಗ್ಲ, ಅವರ್ದು ಗೇಣಗ್ಲ, ಇಳಿಜಾರು ಒಬ್ಬೊಬ್ಬರ್ದು ಒಂದೊಂದ್ ಕಡೆ. ಅಳತೆ ಯಾರೂ ಹೇಳ್ಲೇ ಇಲ್ವಲ್ಲ!" ಎಂದಳು ಯಶೋಧರಾ.

ಮೇಡಂ ಮುಖ ಕೆಂಪಾಯಿತು. ನಂಜನಗೂಡು, ಸೀರೆ, ಎರಡೂ ನೀರಲ್ಲಿ ಹೋದವು ಅಂದುಕೊಂಡರು. ಆದರೆ ಬಾಯಿ ಅಷ್ಟರಲ್ಲಿ ತಾನೇ ಕೇಳಿತ್ತು: "ಹಂಗಾದ್ರೆ ಮೊಹೆಂಜೊದಾರೊದಲ್ಲಿ ಊರೆಲ್ಲಾ ಮೋರಿ ಸೇರ್ಕೊಂಡಿತ್ತಲ್ಲ, ಹೆಂಗೆ?"

"ಯಾರೋ ಹೇಳಿರ್ಬೇಕು ಮಿಸ್. ಎಲ್ಲಾರೂ ಕೇಳಿರ್ಬೇಕು."

"ರಾಜ?"

"ರಾಜನೋ, ಪಂಚಾಯ್ತಿಯೋ, ಗೊತ್ತಿಲ್ಲ. ಇಲ್ಲಿ ಯಾರೂ ಇರ್ಲಿಲ್ಲ. ಅದ್ಕೇ ಇಂಗಾಯ್ತು."

ಅರಮನೆ ಎಂದು ಖಚಿತವಾಗಿ ಹೇಳಬಲ್ಲ ಕಟ್ಟಡ ಅಲ್ಲಿ ಸಿಕ್ಕಿಲ್ಲ, ಲಿಪಿಯನ್ನು ಇನ್ನೂ ಯಾರೂ ಓದಿಲ್ಲ, ಆದ್ದರಿಂದ ಆಳಿದವರ ಹೆಸರು ನಮಗೆ ತಿಳಿಯದು, ಆಡಳಿತ ಇತ್ತೆಂಬುದಕ್ಕೆ ಮೋರಿಯೇ ಸಾಕ್ಷಿ ಎಂದು ಮೇಡಂ ಮುಗಿಸಿದರು.

ಶಿವಮೂರ್ತಿ ಶೂ ಬಿಚ್ಚಿ ನೀರು ಚೆಲ್ಲಿದರು. "ಪಾಠ ಚೆನ್ನಾಗಿತ್ತು ಮೇಡಂ. ನಂಜನಗೂಡಲ್ಲೂ ಇದ್ನೇ ಮಾಡಿ. ಒಂದೇ ಕಂಡೀಷನ್, ಅಳತೆ ಹೇಳೋದು ಅಲ್ಲೂ ಮರೀಬೇಕು."

ಆವತ್ತಿನಿಂದ ಗುರುಬಸಮ್ಮ ಮೇಡಂ ಕನ್ನಡಿಯ ಮುಂದೆ ನಿಂತು ಮರೆಯುವುದನ್ನು ಅಭ್ಯಾಸ ಮಾಡುತ್ತಿದ್ದಾರೆ. ಇನ್ನೂ ಸಹಜವಾಗಿ ಬರುತ್ತಿಲ್ಲ.